ಗೈಡಪ್ಪನ ಐವತ್ತು ವಾಕ್ಯ

ಗೈಡಪ್ಪ ಚಿತ್ರದ ಕಾರ್ಡನ್ನು ಮೇಜಿನ ಮೇಲೆ ನೆಟ್ಟಗೆ ಮಾಡಿಕೊಂಡರು. ಗಂಟಲು ಸರಿಮಾಡಿಕೊಂಡರು. ಲಕ್ವ ಹೊಡೆದ ಮೇಲೆ ಬಲಗೈ ಇನ್ನೂ ಹೇಳಿದ ಮಾತು ಕೇಳುತ್ತಿರಲಿಲ್ಲ, ಹಾಗಾಗಿ ಎಡಗೈಯ ತೋರುಬೆರಳನ್ನೇ ಮುಂದೆ ಮಾಡಿ ಶುರು ಹಚ್ಚಿದರು.

"ಇದು ಅಡುಗೆಮನೆ. ಇವಳು ತಾಯಿ. ಇದು ಅವಳ ಸೌಟು. ಇವನು ದೊಡ್ಡ ಮಗ. ಇವಳು ಚಿಕ್ಕವಳು, ಮಹಾ ತುಂಟಿ. ಈ ಬೆಕ್ಕು ಕಳ್ಳ ಬೆಕ್ಕು. ದಯವಿಟ್ಟು ಮುಟ್ಟಬೇಡಿ."

ಎದುರಿಗೆ ಕೂತಿದ್ದ ಹುಡುಗಿ ಕಿಸಕ್ಕನೆ ನಕ್ಕುಬಿಟ್ಟಳು. ಆಸ್ಪತ್ರೆಯ ಸ್ಪೀಚ್ ಥೆರಪಿ ವಿಭಾಗದಲ್ಲಿ ಅವಳಿಗೆ ಗಿಣಿ ಅಂತಲೇ ಹೆಸರು. ಕಾಲೇಜಿನ ಕೊನೆಯ ವರ್ಷ, ಇಲ್ಲಿ ಆರು ತಿಂಗಳ ತರಬೇತಿ. ಬಾಯಿ ಮುಚ್ಚಿ ಕೂರುವುದೆಂದರೆ ಅವಳಿಗೆ ಶಿಕ್ಷೆ. ಮಾತು ಕಳೆದುಕೊಂಡವರ ಮುಂದೆ ಬಾಯಿ ಮುಚ್ಚಿ ಕೂರುವುದೇ ಈ ಕೆಲಸದ ಮೊದಲ ಪಾಠ ಎನ್ನುವುದು ಅವಳ ದುರದೃಷ್ಟ.

"ನಗು ಯಾಕೆ?" ಎಂದರು ಗೈಡಪ್ಪ.

"ಏನಿಲ್ಲ ಮಾಮ, ಮುಂದೆ ಹೇಳಿ. ಟಿಕೆಟ್ ಮಾತ್ರ ಕೇಳ್ಬೇಡಿ."

ಗೈಡಪ್ಪ ಊರಿನ ವಸ್ತು ಸಂಗ್ರಹಾಲಯದಲ್ಲಿ ಮೂವತ್ತೊಂದು ವರ್ಷದಿಂದ ಗೈಡು. ಇದು ರಾಜನ ಕತ್ತಿ, ಇದು ರಾಣಿಯ ಬಾಚಣಿಗೆ, ಇದು ಸೇನಾಪತಿಯ ಬಲಗಾಲಿನ ಬೂಟು, ಎಡಗಾಲಿಂದು ಯಾರಿಗೂ ಗೊತ್ತಿಲ್ಲ. ಹೀಗೆ ದಿನಕ್ಕೆ ಆರು ಸುತ್ತು. ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಬಾಚಣಿಗೆಯ ಮುಂದೆ ನಿಂತವರು ಬಾಚಣಿಗೆ ಅನ್ನಲಾಗದೆ ಹಾಗೇ ಕುಸಿದಿದ್ದರು. ಆಗಿನಿಂದ ಈ ರೂಮು, ಈ ಕಾರ್ಡು, ಈ ಗಿಣಿ. ಮೊದಲ ತಿಂಗಳು ಹೂಂ, ಊಹೂಂ ಅಷ್ಟೇ. ಈಗ ಬೆಕ್ಕಿಗೂ ಪರಿಚಯ ಮಾಡಿಸುವಷ್ಟು ಮಾತು.

ಮಂಗಳವಾರದ ಆ ಪರೀಕ್ಷೆ ಸಾಮಾನ್ಯದ್ದಲ್ಲ. ಶುಕ್ರವಾರ ಸಂಗ್ರಹಾಲಯದ ಆಡಳಿತ ಸಮಿತಿ ಕೂರುವುದಿತ್ತು. ಗೈಡಪ್ಪ ಮತ್ತೆ ಗೈಡಾಗಬಹುದೋ ಅಥವಾ ಬಾಗಿಲ ಬಳಿ ಜನರ ಚೀಲ ಇಸಿದುಕೊಂಡು ಟೋಕನ್ ಕೊಡುವ ಕೌಂಟರಿಗೆ ಹೋಗಬೇಕೋ ಎನ್ನುವುದು ಆಸ್ಪತ್ರೆಯ ರಿಪೋರ್ಟಿನ ಮೇಲೆ ನಿಂತಿತ್ತು. ರಿಪೋರ್ಟಿಗೆ ಒಂದು ಹಾಳೆ. ಹಾಳೆಯಲ್ಲಿ ಐವತ್ತು ಚೌಕ. ರೋಗಿ ಹೇಳಿದ ಐವತ್ತು ವಾಕ್ಯ ಒಂದೊಂದಾಗಿ ಬರೆದುಕೊಂಡು, ವಾಕ್ಯದಲ್ಲಿ ಕ್ರಿಯಾಪದ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಮೂವತ್ತೈದು ದಾಟಿದರೆ ಪಾಸು. ಈ ಲೆಕ್ಕಕ್ಕೆ ಕಾರಣವೂ ಇತ್ತು. ಮೆದುಳಿಗೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ವಸ್ತುಗಳ ಹೆಸರು ಬರುತ್ತದೆ, ಮಾಡುವ ಕೆಲಸದ ಪದವೇ ಕೈಕೊಡುತ್ತದೆ. ಹುಡುಗ, ಮರ, ಕಾಲು ಅಂತಾರೆ. ಬಿದ್ದ, ಮುರಿಯಿತು ಅನ್ನಲು ಒದ್ದಾಡುತ್ತಾರೆ.

ಗಿಣಿ ನಿಷ್ಠೆಯಿಂದ ಬರೆದಳು. ಇದು ಅಡುಗೆಮನೆ, ಸೊನ್ನೆ. ಇವಳು ತಾಯಿ, ಸೊನ್ನೆ. ಕಳ್ಳ ಬೆಕ್ಕು, ಸೊನ್ನೆ. ಮುಟ್ಟಬೇಡಿ, ಒಂದು. ಕೂಡಿಸಿದರೆ ಹದಿನೇಳು. ಅವಳ ಕಿವಿ ಎಲ್ಲೋ ಒಂದು ಕಡೆ "ಏನೇ ಇದು, ಇಷ್ಟು ಚೆನ್ನಾಗಿ ಮಾತಾಡಿದ್ರಲ್ಲ" ಅಂದಿತ್ತು. ಹಾಳೆ ಇಲ್ಲ ಅಂದಿತ್ತು. ಹಾಳೆ ಈ ವರ್ಷವಷ್ಟೇ ಮೇಲಿನ ಆಫೀಸಿನಿಂದ ಬಂದಿದ್ದು, ಲ್ಯಾಮಿನೇಷನ್ ಬೇರೆ ಮಾಡಿದ್ದರು. ಲ್ಯಾಮಿನೇಷನ್ ಮಾಡಿದ ಹಾಳೆಯ ಮುಂದೆ ಕಿವಿಯ ಮಾತು ಯಾರು ಕೇಳುತ್ತಾರೆ? ವಿಭಾಗದ ಮುಖ್ಯಸ್ಥೆ ಮೇಡಂ ಹನ್ನೊಂದು ಫೈಲಿನ ನಡುವೆ ಇದಕ್ಕೂ ಒಂದು ಸಹಿ ಎಳೆದರು. ಸಂಜೆಯೊಳಗೆ ರಿಪೋರ್ಟು ಹೋಯಿತು.

ಬುಧವಾರ ಹನ್ನೊಂದು ಗಂಟೆಗೆ ಗೈಡಪ್ಪನ ಹೆಂಡತಿ ಒಬ್ಬರೇ ಬಂದರು. ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಕುರ್ಚಿ ಎಳೆದುಕೊಂಡು ಕೂತರು.

"ಅವ್ರೆಲ್ಲಿ ಆಂಟಿ?"

"ಬರಲ್ಲ ಅಂದ್ರು. ಅಂದ್ರು ಅಂತಲೂ ಅಲ್ಲ, ತಲೆ ಆಡಿಸಿದ್ರು. ನಿನ್ನೆ ಮ್ಯೂಸಿಯಂ ಆಫೀಸಿನ ಗುಮಾಸ್ತ ಫೋನ್ ಮಾಡಿ ಹದಿನೇಳು ಅಂತ ಹೇಳ್ಬಿಟ್ಟ. ಆವಾಗಿಂದ ಬಾಯಿಗೆ ಬೀಗ. ಬೆಳಿಗ್ಗೆ ಕಾಫಿ ಬೇಕಾ ಅಂದ್ರೆ ಲೋಟ ತೋರಿಸ್ತಾರೆ. ನಾಲ್ಕು ತಿಂಗಳು ನೀನು ಕಷ್ಟಪಟ್ಟು ತೆಗೆದಿರೋ ಮಾತು ಕಣೇ, ಒಂದು ಫೋನಿಗೆ ಒಳಗೆ ಹೋಯ್ತು."

ಗಿಣಿ ಹಾಳೆಯನ್ನು ಮುಂದೆ ತಳ್ಳಿದಳು. "ಆಂಟಿ, ಅವ್ರು ವಾಕ್ಯ ಪೂರ್ತಿ ಮಾಡ್ತಿಲ್ಲ. ಇದು ಸೌಟು, ಇವಳು ತಾಯಿ, ಅಷ್ಟಕ್ಕೇ ನಿಲ್ಲಿಸ್ತಾರೆ."

"ಇನ್ನೇನು ಮಾಡ್ಬೇಕಿತ್ತು? ಸೌಟನ್ನ ಸೌಟು ಅನ್ದೆ ಹಾರ್ಮೋನಿಯಂ ಅನ್ಬೇಕಿತ್ತಾ?"

"ಹಂಗಲ್ಲ..."

"ನೋಡಮ್ಮ, ನಮ್ಮನೆಯವ್ರು ಮದುವೆಯಾದಾಗಿಂದ ಹಂಗೇ ಮಾತಾಡೋದು. ಮನೆಗೆ ಯಾರಾದ್ರೂ ಬಂದ್ರೆ, 'ಇದು ನಮ್ಮ ಹಾಲ್, ಅದು ನನ್ನ ಕುರ್ಚಿ, ಇವಳು ನನ್ನ ಹೆಂಡ್ತಿ, ಮೂವತ್ತು ವರ್ಷ ಹಳೇದು, ಇನ್ನೂ ಗಟ್ಟಿಮುಟ್ಟು.' ಅದು ಲಕ್ವ ಅಲ್ಲ, ಅದು ಕೆಟ್ಟ ಬುದ್ಧಿ. ಹಂಗೆ ನೋಡಿದ್ರೆ ನಾನೂ ಹಂಗೇ. ಅದು ನನ್ನ ಕೊಡೆ. ಇವತ್ತು ಬುಧವಾರ. ನೀನು ಒಳ್ಳೆ ಹುಡುಗಿ, ಆದ್ರೆ ದಡ್ಡಿ. ಹಾಕು ನನಗೂ ಸೊನ್ನೆ!"

ಆಂಟಿ ಕೊಡೆ ಎತ್ತಿಕೊಂಡು ಹೋದರು. ಗಿಣಿ ಊಟದ ಡಬ್ಬಿಯನ್ನೂ ತೆರೆಯದೆ ಮೊಬೈಲ್ ತೆಗೆದು, ಅಕ್ಕನಿಗೆ ತಾನು ಕಳಿಸಿದ್ದ ಮೆಸೇಜುಗಳನ್ನು ಮೇಲಿನಿಂದ ಓದತೊಡಗಿದಳು. ಪಕ್ಕದಲ್ಲಿ ಅದೇ ಹಾಳೆ.

ಆ ಚೂಡಿದಾರ್ ನಂದು. ಸೊನ್ನೆ. ನಿನ್ನ ಗಂಡ ಮಹಾ ಜಿಪುಣ. ಸೊನ್ನೆ. ನಂಗೆ ಹೊಟ್ಟೆನೋವು. ಸೊನ್ನೆ. ನಮ್ ಮೇಡಂ ಒಂಥರಾ ಹುಲಿ. ಸೊನ್ನೆ. ಅಮ್ಮ ಎಲ್ಲಿ? ಸೊನ್ನೆ. ನಾಳೆ ರಜೆ, ಹಾಹಾಹಾ. ಸೊನ್ನೆ, ಸೊನ್ನೆ, ಸೊನ್ನೆ.

ಐವತ್ತಕ್ಕೆ ಇಪ್ಪತ್ತೆರಡು. ಹಾಳೆಯ ಪ್ರಕಾರ ಅವಳನ್ನು ಈಗಿಂದೀಗಲೇ ವಾರ್ಡಿಗೆ ಸೇರಿಸಬೇಕಿತ್ತು.

ಗಿಣಿ ಎದ್ದವಳೇ ಮೇಡಂ ಕೋಣೆಗೆ ನುಗ್ಗಿದಳು. ಒಳಗೆ ಮೇಡಂ ಅಟೆಂಡರನ್ನು ಝಾಡಿಸುತ್ತಿದ್ದರು. "ಇದೇನ್ರೀ ಇದು? ಇದು ಫೈಲಾ, ಕಡ್ಲೆಪುರಿ ಪೊಟ್ಟಣನಾ? ನಿಮ್ಮ ಟೇಬಲ್ಲು, ನಿಮ್ಮ ಜವಾಬ್ದಾರಿ. ಇದು ಮೂರನೇ ಸಲ. ನೀವು ಮನುಷ್ಯರಾ?" ಅಟೆಂಡರ್ ಹೊರಗೆ ಹೋಗುವವರೆಗೆ ಗಿಣಿ ಗೋಡೆಗೆ ಅಂಟಿ ನಿಂತು ಬೆರಳು ಮಡಚುತ್ತಿದ್ದಳು.

"ನಿನಗೇನಮ್ಮ?"

"ಮೇಡಂ, ನೀವು ಈಗ ಐದು ವಾಕ್ಯ ಬೈದ್ರಿ. ಐದಕ್ಕೆ ಸೊನ್ನೆ."

ಆ ಕೋಣೆಯಲ್ಲಿ ಹಾಗೆ ಮಾತಾಡಿ ಬದುಕಿದವರಿಲ್ಲ. ಆದರೆ ಗಿಣಿಗೆ ನಿಲ್ಲುವ ಅಭ್ಯಾಸ ಎಲ್ಲಿತ್ತು? ಗೈಡಪ್ಪ, ಆಂಟಿ, ಕೊಡೆ, ಚೂಡಿದಾರ್ ಎಲ್ಲವನ್ನೂ ಒಂದೇ ಉಸಿರಿಗೆ ಸುರಿದಳು. ಹುಲಿ ಅಂದಿದ್ದನ್ನು ಮಾತ್ರ ಹಾರಿಸಿದಳು. ಮೇಡಂ ಕನ್ನಡಕ ತೆಗೆದರು. ಲ್ಯಾಮಿನೇಷನ್ ಹಾಳೆಯನ್ನು ಮೊದಲ ಸಲ ನೋಡುವವರಂತೆ ತಿರುಗಿಸಿ ಮುರುಗಿಸಿ ನೋಡಿದರು.

"ಇದು ಇಂಗ್ಲಿಷ್ ಹಾಳೆ," ಎಂದರು ಕೊನೆಗೆ. "ಅಕ್ಷರ ಮಾತ್ರ ಕನ್ನಡ. ಇಂಗ್ಲಿಷಲ್ಲಿ ಇದು ಸೌಟು ಅನ್ನೋಕೂ ಮಧ್ಯೆ ಒಂದು ಕ್ರಿಯಾಪದ ಬೇಕೇ ಬೇಕು. ಅದು ಬಿಟ್ಟುಹೋದ್ರೆ ಏನೋ ಕೆಟ್ಟಿದೆ ಅಂತಾನೇ ಅರ್ಥ. ನಮಗೆ ಬೇಡ. ಇದು, ಸೌಟು. ಎರಡನ್ನ ಪಕ್ಕಪಕ್ಕ ಇಟ್ರೆ ಮುಗೀತು, ವಾಕ್ಯ ಪೂರ್ತಿ. ನಾವೊಬ್ರೇ ಅಲ್ಲ, ರಷ್ಯನ್ನರೂ ಹಾಗೇ, ಅರಬ್ಬಿಯವರೂ ಹಾಗೇ. ಓದೋವಾಗ ನನ್ನ ರೂಮಲ್ಲಿ ಒಬ್ಬಳು ರಷ್ಯನ್ ಹುಡುಗಿ ಇದ್ಲು. ನಾನು ಡಾಕ್ಟರ್, ನೀನು ಸೋಮಾರಿ, ಎರಡೇ ಪದದಲ್ಲಿ ಬೈತಿದ್ಲು."

"ಹಾಗಾದ್ರೆ ಬೇಕಂತ ಸೇರಿಸ್ಕೊಂಡು ಹೇಳಿದ್ರೆ? ಇದು ಸೌಟು ಆಗಿದೆ, ಅಂತ?"

"ಹಾಗೆ ಹೇಳಿದ್ರೆ ನಾನೇ ಅಡ್ಮಿಟ್ ಮಾಡ್ಕೋತೀನಿ. ನಿನ್ನೆವರೆಗೂ ಚಮಚ ಆಗಿತ್ತು, ಇವತ್ತು ಬೆಳೆದು ಸೌಟು ಆಗಿದೆಯಾ?"

ಗಿಣಿ ನಕ್ಕಳು. ಮೇಡಂ ನಗಲಿಲ್ಲ. "ಸಹಿ ನಂದು," ಎಂದರು. "ಹತ್ತೊಂಬತ್ತು ವರ್ಷ ಕಿವಿಯಿಂದ ಅಳೆದೋಳು ನಾನು. ಈ ವರ್ಷ ಹಾಳೆ ಬಂತು, ಕಿವಿ ಮುಚ್ಕೊಂಡೆ. ನಾಳೆ ಅವರನ್ನ ಕರೆಸು."

"ಬರಲ್ಲ ಅಂತಾರೆ ಮೇಡಂ."

"ಬರಲ್ಲ ಅಂತ ಬಾಯಿಬಿಟ್ಟು ಹೇಳಿದ್ರೆ ಬಿಟ್ಬಿಡ್ತೀನಿ ಅಂತ ಹೇಳು. ತಲೆ ಆಡಿಸೋದು ನಡೆಯಲ್ಲ."

ಗುರುವಾರ ಗೈಡಪ್ಪ ಬಂದರು. ಬರಲ್ಲ ಅನ್ನುವುದಕ್ಕಿಂತ ಬರುವುದೇ ಸುಲಭ ಅನ್ನಿಸಿರಬೇಕು. ಮುಖ ಮಾತ್ರ ಬೀಗ ಹಾಕಿದ ಗಾಜಿನ ಪೆಟ್ಟಿಗೆ. ಪಕ್ಕದಲ್ಲಿ ಆಂಟಿ, ಮೂಲೆಯಲ್ಲಿ ಕೈಕಟ್ಟಿಕೊಂಡ ಮೇಡಂ. ಮೇಜಿನ ಮೇಲೆ ಕಾರ್ಡಿಲ್ಲ, ಹಾಳೆಯಿಲ್ಲ. ಹಿಂದಿನ ಸಂಜೆ ಮೇಡಂ ಗಿಣಿಯನ್ನು ಕೂರಿಸಿ ಹೇಳಿಕೊಟ್ಟಿದ್ದರು: ಕ್ರಿಯಾಪದ ಬೇಡದ ಕಡೆ ಇಲ್ಲದಿರುವುದು ಬೇರೆ, ಬೇಕಾದ ಕಡೆ ಸಿಗದಿರುವುದು ಬೇರೆ. ಹಾಳೆಗೆ ಎರಡೂ ಸೊನ್ನೆ. ಬೇರ್ಪಡಿಸಬೇಕೆಂದರೆ ವಾಕ್ಯವನ್ನು ನಿನ್ನೆಗೆ ಕಳಿಸು. ನಾನು ಗೈಡ್ ಅನ್ನುವುದಕ್ಕೆ ಇವತ್ತು ಏನೂ ಬೇಡ, ನಿನ್ನೆಗೆ ಹೋದರೆ ಆಗಿದ್ದೆ ಅನ್ನಲೇಬೇಕು. ಅದು ತಾನಾಗಿ ಬಂದರೆ ಒಳಗಿನ ಯಂತ್ರ ಚೆನ್ನಾಗಿಯೇ ಓಡುತ್ತಿದೆ.

"ಮಾಮ, ನೀವು ಯಾರು?"

ಗೈಡಪ್ಪ ಅವಳನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದರು. "ಹದಿನೇಳು," ಎಂದರು.

ಆಂಟಿ ಸೆರಗು ಬಾಯಿಗೆ ಒತ್ತಿಕೊಂಡರು. ಗಿಣಿಗೆ ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ.

"ಅದು ನನ್ನ ತಪ್ಪು ಮಾಮ. ನೀವು ಸರಿಯಾಗೇ ಹೇಳಿದ್ರಿ, ನಾನು ಎಣಿಸಿದ್ದು ತಪ್ಪು. ದೇವರಾಣೆ. ಬೇಕಾದ್ರೆ ಬೈರಿ, ಆದ್ರೆ ಬಾಯಿಬಿಟ್ಟು ಬೈರಿ."

"ದಡ್ಡಿ," ಎಂದರು ಗೈಡಪ್ಪ.

"ಪೂರ್ತಿ ವಾಕ್ಯ."

"ನೀನು ದಡ್ಡಿ."

"ಹಾಂ! ಪೂರ್ತಿ ಅಂದ್ರೆ ಪೂರ್ತಿ. ಈಗ ಹೇಳಿ, ನೀವು ಯಾರು?"

"ನಾನು ಗೈಡ್."

"ಇಪ್ಪತ್ತೈದು ವರ್ಷದ ಹಿಂದೆ?"

"ಆಗ್ಲೂ ನಾನು ಗೈಡ್ ಆಗಿದ್ದೆ." ಹೊಟ್ಟೆ ಸವರಿಕೊಂಡರು. "ಇದು ಇರ್ಲಿಲ್ಲ."

ಮೇಡಂ ಮೂಲೆಯಲ್ಲಿ ಕೆಮ್ಮಿದರು. ಆಂಟಿ, "ಕೂದ್ಲು ಇತ್ತು," ಎಂದು ಸೇರಿಸಿದರು.

"ಆಂಟಿ ನೀವು ಸುಮ್ನಿರಿ, ನಿಮ್ಮ ಪರೀಕ್ಷೆ ಅಲ್ಲ ಇದು. ಮಾಮ, ಇದು ಕತ್ತಿನಾ?" ಗಿಣಿ ಪೆನ್ನು ಎತ್ತಿ ಹಿಡಿದಳು.

"ಅಲ್ಲ. ಪೆನ್ನು."

"ಈ ರೂಮಲ್ಲಿ ಕತ್ತಿ ಇದ್ಯಾ?"

"ಇಲ್ಲ." ಆಂಟಿಯ ಕಡೆ ನೋಡಿ, "ನಾಲಿಗೆ ಇದೆ."

ಅಲ್ಲ ಎಲ್ಲಿ, ಇಲ್ಲ ಎಲ್ಲಿ, ಒಂದೂ ತಪ್ಪಲಿಲ್ಲ. ಒಂದು ವಸ್ತು ಇನ್ನೊಂದಲ್ಲ ಅನ್ನಲು ಅಲ್ಲ. ಆ ವಸ್ತುವೇ ಜಾಗದಲ್ಲಿಲ್ಲ ಅನ್ನಲು ಇಲ್ಲ. ಮಂಗಳವಾರದ ಕಾರ್ಡಿನಲ್ಲೂ ಇವಳು ಎಂದಾಗ ಚಿಕ್ಕವಳು, ಇವನು ಎಂದಾಗ ಮಗ. ಗಿಣಿಯ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು.

"ಇಲ್ಲಿ ಡಾಕ್ಟ್ರು ಇದ್ದಾರಾ ಮಾಮ?"

"ಇಲ್ಲ. ಅವ್ರು ಕ್ಯಾಂಟೀನಿಗೆ..." ಗೈಡಪ್ಪ ನಿಂತರು. "ಕ್ಯಾಂಟೀನಿಗೆ..." ಎಡಗೈಯ ಎರಡು ಬೆರಳು ಮೇಜಿನ ಮೇಲೆ ಪುಟಪುಟನೆ ನಡೆದುಹೋದವು. ತುಟಿ ಅಲ್ಲಾಡಿತು. ಪದ ಬರಲಿಲ್ಲ.

ಹೋಗಿದ್ದಾರೆ, ಹೋಗಿದ್ದಾರೆ, ಎಂದು ಗಿಣಿಯ ನಾಲಿಗೆಯ ತುದಿ ಒದ್ದಾಡಿತು. ಮೇಡಂ ಕಣ್ಣಲ್ಲೇ ಸುಮ್ಮನಿರಿಸಿದರು. ಕೊನೆಗೆ ಗೈಡಪ್ಪ ಕೈಯನ್ನು ಮಡಿಲಿಗೆ ಎಳೆದುಕೊಂಡು ಕಿಟಕಿಯತ್ತ ತಿರುಗಿದರು.

ಗೈಡಪ್ಪ, ಆಂಟಿ ಹೋದ ಮೇಲೆ, ಮಂಗಳವಾರ ಗಿಣಿ ಮಾಡಿಟ್ಟುಕೊಂಡಿದ್ದ ರೆಕಾರ್ಡಿಂಗನ್ನು ಮೇಡಂ, ಗಿಣಿ ಇಬ್ಬರೂ ಕೂತು ಕೇಳಿದರು. ಸೊನ್ನೆ ಬಿದ್ದಿದ್ದ ಮೂವತ್ತಮೂರು ವಾಕ್ಯಗಳಲ್ಲಿ ಇಪ್ಪತ್ತೇಳಕ್ಕೆ ಏನೂ ಬೇಕಿರಲಿಲ್ಲ. ಆದರೆ ಉಳಿದ ಆರು, ಇವತ್ತಿನ ಕ್ಯಾಂಟೀನಿನ ತರಹವೇ. ದೊಡ್ಡ ಮಗ ಸ್ಟೂಲಿನ ಮೇಲಿಂದ, ಅಂತ ನಿಂತಿದ್ದರು. ಬೆಕ್ಕು ಹಾಲನ್ನ, ಅಂತ ನಿಂತಿದ್ದರು. ಮಂಗಳವಾರ ಗಿಣಿ ಅದನ್ನು ಕೇಳಿಸಿಕೊಂಡೇ ಇರಲಿಲ್ಲ, ಎಲ್ಲ ಒಂದೇ ಸೊನ್ನೆಯಾಗಿತ್ತು.

"ನಲವತ್ನಾಲ್ಕು," ಎಂದಳು ಗಿಣಿ. "ಪಾಸ್! ಮೇಡಂ, ಆ ಆರನ್ನ ಬರೀಲೇಬೇಕಾ? ಮೂವತ್ತೈದು ದಾಟಿದ್ರೆ ಸಾಕಲ್ಲ. ಸಮಿತಿಯವ್ರು ಆರು ತಪ್ಪು ಅಂತ ನೋಡಿದ್ರೆ ಸೀದಾ ಚೀಲದ ಕೌಂಟರಿಗೆ ಕಳಿಸ್ತಾರೆ."

"ಮೊನ್ನೆ ಹಾಳೆ ನಂಬಿ ಸುಳ್ಳು ಬರೆದೆ. ಇವತ್ತು ಅಕ್ಕರೆ ನಂಬಿ ಬರೀತೀಯಾ?"

ಗಿಣಿ ಆ ಆರು ವಾಕ್ಯಗಳ ಪಕ್ಕ ಗುರುತು ಹಾಕಿದಳು.

"ಸುತ್ತಲೂ ಮೂವತ್ತು ಜನ. ಅವರ ಮಧ್ಯೆ ಪದ ಸಿಗದೆ ನಿಂತ್ರೆ ಆ ಮನುಷ್ಯ ಮತ್ತೆ ಬಾಯಿ ಮುಚ್ತಾರೆ, ಆಮೇಲೆ ನೀನೂ ತೆಗೆಸಲಾರೆ ನಾನೂ ತೆಗೆಸಲಾರೆ. ಹೇಳು, ಅವರ ಮ್ಯೂಸಿಯಂ ನೋಡಿದೀಯಾ?"

ನೋಡಿರಲಿಲ್ಲ. ಅರ್ಧ ಗಂಟೆಯಲ್ಲಿ ನೋಡಿದಳು. ಬಸ್ಸಿಗೂ ಕಾಯದೆ ಆಟೋ ಹತ್ತಿ ಹೋಗಿ, ಸ್ಟೂಡೆಂಟ್ ಟಿಕೆಟ್ ತಗೊಂಡು, ಚೀಲವನ್ನು ಆ ಹಾಳು ಕೌಂಟರಿನಲ್ಲೇ ಕೊಟ್ಟು, ಬೇರೊಬ್ಬ ಗೈಡಿನ ಹಿಂದೆ ಮೊಬೈಲಿನಲ್ಲಿ ಟಿಪ್ಪಣಿ ಒತ್ತುತ್ತಾ ಎರಡೂ ಹಾಲ್ ಸುತ್ತಿದಳು. ಮುಂದಿನ ಹಾಲಿನಲ್ಲಿ ಬರೀ ವಸ್ತು: ಕತ್ತಿ, ಬಾಚಣಿಗೆ, ನಾಣ್ಯ, ಒಂಟಿ ಬೂಟು. ಇದು ಇಂಥದ್ದು, ಅದು ಇಂಥವರದು. ಹಿಂದಿನ ಹಾಲಿನಲ್ಲಿ ಬರೀ ಕತೆ: ಕೋಟೆ ಮುತ್ತಿದರು, ಬಾಗಿಲು ಒಡೆದರು, ರಾಣಿ ಸುರಂಗದಲ್ಲಿ ಓಡಿದಳು, ಸೇನಾಪತಿ ಜಾರಿ ಬಿದ್ದ. ಮೊದಲ ಹಾಲಿನಲ್ಲಿ ಗೈಡ್ ಹೇಳಿದ ಅರವತ್ತೆರಡು ವಾಕ್ಯಗಳಲ್ಲಿ ಐವತ್ತಕ್ಕೆ ಕ್ರಿಯಾಪದವೇ ಇರಲಿಲ್ಲ. ಎರಡನೆಯದರಲ್ಲಿ ಕ್ರಿಯಾಪದವಿಲ್ಲದ್ದು ಎರಡೋ ಮೂರೋ.

ಮೇಡಂ ಮನೆಗೆ ಹೊರಟು ಸ್ಕೂಟರಿಗೆ ಕೀಲಿ ಹಾಕುತ್ತಿದ್ದಾಗ ಗಿಣಿ ಗೇಟಿನಲ್ಲಿ ಏದುಸಿರು ಬಿಡುತ್ತಾ ಅಡ್ಡ ನಿಂತಳು. ಇಬ್ಬರೂ ಮತ್ತೆ ಒಳಗೆ ಹೋಗಿ ರಿಪೋರ್ಟು ಬರೆದರು. ಆರು ತಪ್ಪನ್ನೂ ಒಂದೊಂದಾಗಿ ಬರೆದರು. ಹಿಂದಿನ ಅಂಕ ತಪ್ಪು, ತಪ್ಪು ರೋಗಿಯದಲ್ಲ, ನಮ್ಮ ಅಳತೆಯದು ಎಂದು ಮೇಡಂ ತಮ್ಮ ಕೈಯಾರೆ ಸೇರಿಸಿ ಕೆಳಗೆ ಸಹಿ ಮಾಡಿದರು. ಈ ಸಲ ಸಹಿ ಎಳೆಯಲಿಲ್ಲ, ಅಕ್ಷರ ಅಕ್ಷರ ಬಿಡಿಸಿ ಬರೆದರು. ರಿಪೋರ್ಟಿನ ಕೊನೆಯ ಸಾಲು: ಮುಂದಿನ ಹಾಲ್ ಈಗಲೇ ಕೊಡಬಹುದು. ಹಿಂದಿನ ಹಾಲ್ ಮೂರು ತಿಂಗಳ ಮೇಲೆ ನೋಡೋಣ.

ಶುಕ್ರವಾರ ನಾಲ್ಕು ಗಂಟೆಗೆ ಆಂಟಿಯ ಫೋನು. ಗಿಣಿ ಹಲೋ ಅನ್ನುವ ಮುಂಚೆಯೇ ಅತ್ತ ಕಡೆಯಿಂದ ಗದ್ದಲ.

"ಒಪ್ಕೊಂಡ್ರಮ್ಮ! ಸೋಮವಾರದಿಂದ, ಬೆಳಗಿನ ಹೊತ್ತು ಮಾತ್ರ, ಮುಂದಿನ ಹಾಲ್ ಮಾತ್ರ. ಇವ್ರಿಗೆ ಅದೂ ಸಿಟ್ಟು. ತಗೋ, ಮಾತಾಡ್ತಾರಂತೆ."

ಫೋನು ಕೈ ಬದಲಾಯಿಸುವ ಸದ್ದು. "ನಾನು ಅರ್ಧ ಗೈಡ್," ಎಂದರು ಗೈಡಪ್ಪ.

"ನಂಗೆ ಪೂರ್ತಿ ಗಂಡ, ಅದೇ ಜಾಸ್ತಿ!" ಎಂದು ಆಂಟಿ ಹಿಂದಿನಿಂದ ಕೂಗಿದರು.

"ಮಾಮ, ಮಂಗಳವಾರ ಹತ್ತು ಗಂಟೆಗೆ ಬನ್ನಿ. ಆ ಇನ್ನರ್ಧ ಶುರು ಮಾಡೋಣ."

ಮಂಗಳವಾರ ಗೈಡಪ್ಪ ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ ಬಂದರು, ಕೆಲಸ ಮುಗಿಸಿ ನೇರ ಇಲ್ಲಿಗೆ, ಹತ್ತರ ಬದಲು ಒಂದು ಗಂಟೆಗೆ. ಗಿಣಿ ಊಟದ ಡಬ್ಬಿ ಪಕ್ಕಕ್ಕೆ ಸರಿಸಿದಳು. ನಿನ್ನೆ ಏನೇನಾಯ್ತು ಹೇಳಿ ಅಂದಳು. ಏನಾಯ್ತು ಅನ್ನುವುದೇ ಅವರಿಗೆ ಕಷ್ಟದ ಜಾಗ, ಅದು ಇಬ್ಬರಿಗೂ ಗೊತ್ತಿತ್ತು.

"ನಿನ್ನೆ..." ಎಂದರು ಗೈಡಪ್ಪ. "ಒಂದು ಮಗು. ಗಾಜಿನ ಪೆಟ್ಟಿಗೆಗೆ ಮೂಗು... ಮೂಗು..." ಬೆರಳು ಮೇಲೆದ್ದಿತು. ಅವರೇ ಅದನ್ನು ಮಡಚಿ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡರು. "ಒತ್ತಿತು."

ಗಿಣಿ ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿಕೊಂಡಳು.

"ಗಾಜಿನ ಮೇಲೆ ಗುರುತು... ಉಳೀತು. ಅಮ್ಮ ಅದನ್ನ... ಬೈದ್ಲು. ನಾನು ಬಟ್ಟೆ..." ಬಹಳ ಹೊತ್ತು. ಒಂದು ಬಸ್ಸು ಹೊರಗೆ ಹೋಗುವಷ್ಟು ಹೊತ್ತು. "ತಂದೆ. ಒರೆಸಿದೆ."

"ನಾಲ್ಕು, ಐದು!" ಎಂದು ಗಿಣಿ ಚೀರಿದಳು.

"ಎಣಿಸ್ಬೇಡ ಕಣೇ!" ಎಂದರು ಮೇಡಂ ಒಳಗಿನ ಕೋಣೆಯಿಂದ. "ಮುಂದೆ ಏನಾಯ್ತು ಅಂತ ಕೇಳು!"

ಗಿಣಿ ಬಾಯಿ ಮುಚ್ಚಿಕೊಂಡಳು, ಕೆನ್ನೆ ಉಬ್ಬಿಸಿ, ಎರಡೂ ಕೈ ಅಡ್ಡ ಇಟ್ಟು. ಗೈಡಪ್ಪ ಅವಳನ್ನೇ ನೋಡುತ್ತಾ ಮುಂದಿನ ಪದಕ್ಕೆ ತಡಕಾಡತೊಡಗಿದರು. ಅವಸರವೇನೂ ಇರಲಿಲ್ಲ.